ಕೊನೆ ಕಂತಿಗೆ ಮುಂಚೆ ಕಂಟ್ರಾಕ್ಟರ್‌ಗೆ ಪತ್ರ

"ಮನೆ ಮುಗೀತು ಅಂತಾರೆ. ಮಹಡಿ ಬಚ್ಚಲಿನ ಕೆಳಗೆ ತೇವ ಇದೆ, ಬಣ್ಣ ಬಾಕಿ. ಪತ್ರದಲ್ಲಿ ಯಾವುದು ಮೊದಲು, ಎಷ್ಟು ದಿನ ಕೊಡಲಿ?"

ತೇವವೇ ಮೊದಲು ಸರ್. ಅದು ಆರದೆ ಬಣ್ಣ ಹೊಡೆದರೆ ಸಿಪ್ಪೆ ಏಳುತ್ತದೆ. ಹಾಗಾಗಿ ಆ ಜಾಗದ ಬಣ್ಣ ಕೊನೆಗೆ.

"ಬಚ್ಚಲು ಸೋರುತ್ತಿದೆ" ಅಂತ ಸುಮ್ನೆ ಬರೆಯಬೇಡಿ. ಮೊದಲು ನೀರು ಹೋಗುವ ಜಾಲರಿಗೆ ಬಟ್ಟೆ ತುರುಕಿ, ನೆಲದಲ್ಲಿ ಒಂದಿಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. ಕೆಳಗೆ ತೇವ ಹರಡಿದರೆ ನೆಲದ ವಾಟರ್‌ಪ್ರೂಫಿಂಗ್ ಮೇಲೆ ಅನುಮಾನ. ಬಟ್ಟೆ ತೆಗೆದು ನೀರು ಬಿಟ್ಟಾಗ ಮಾತ್ರ ಹರಡಿದರೆ ಪೈಪಿನ ಜಾಯಿಂಟ್ ನೋಡಿಸಿ. ಸೀಲಿಂಗ್ ಮೇಲೆ ಪೆನ್ಸಿಲ್‌ನಲ್ಲಿ ತೇವದ ಗಡಿ ಗುರುತಿಸಿ, ತಾರೀಕು ಬರೆದು ಫೋಟೋ ತೆಗೆಯಿರಿ. ಪತ್ರಕ್ಕೆ ಅದನ್ನೇ ಲಗತ್ತಿಸಿ.

ವಾಟರ್‌ಪ್ರೂಫಿಂಗ್ ಹೋಗಿದ್ದರೆ ಟೈಲ್ಸ್ ಒಡೆದು, ಕೋಟಿಂಗ್ ಹಾಕಿ, ಒಣಗಿಸಿ, ಮತ್ತೆ ನೀರು ನಿಲ್ಲಿಸಿ ನೋಡಬೇಕು. ಇದಕ್ಕೆ ಹತ್ತು–ಹನ್ನೆರಡು ದಿನ ಕೊಡಿ. ಎರಡೇ ದಿನ ಸಾಕು ಅಂದರೆ ಬರೀ ಸಂದಿಗೆ ಗ್ರೌಟ್ ತುಂಬುತ್ತಾರೆ, ಅಷ್ಟೇ. ಶುರು ಮಾಡುವ ತಾರೀಕು, ಮರುಪರೀಕ್ಷೆ ತಾರೀಕು ಎರಡನ್ನೂ ಬರೆಯಿರಿ. ಬಾಗಿಲು ಉಜ್ಜುವುದು, ಸ್ವಿಚ್ ಪ್ಲೇಟ್ ಸಡಿಲ ಇಂಥವನ್ನು ಅದೇ ಅವಧಿಯಲ್ಲಿ ಮುಗಿಸಲಿ.

ಮರುಪರೀಕ್ಷೆ ಆಗುವವರೆಗೆ ಕೆಲಸ ಪೂರ್ತಿ ಆಯಿತು ಅಂತ ಸಹಿ ಹಾಕಬೇಡಿ. ಹಣ ಎಷ್ಟು ತಡೆಹಿಡಿಯಬಹುದು ಅನ್ನೋದನ್ನು ನಿಮ್ಮ ಕರಾರುಪತ್ರ ನೋಡಿ ಬರೆಯಿರಿ.