ಸ್ಥಳದಲ್ಲಿ ಹೇಳಿಕೊಂಡ ಧ್ವನಿ ಟಿಪ್ಪಣಿಯಿಂದ ಸರ್ವೆ ವರದಿ

ಪ್ರಶ್ನೆ: ವಾಹನ ವಿಮೆಯ ಸರ್ವೆ ಕೆಲಸಕ್ಕೆ ಹೊಸಬ. ಸ್ಥಳದಲ್ಲಿ ಮೊಬೈಲ್‌ಗೆ ಎಲ್ಲವನ್ನೂ ಹೇಳಿಕೊಳ್ಳುತ್ತೇನೆ, ಆದರೆ ವರದಿ ಬರೆದಾಗ ಹರಟೆಯಂತೆ ಕಾಣುತ್ತದೆ. ನೀವು ಹೇಗೆ ಬರೆಯುತ್ತೀರಿ?

ನಾನೂ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತೇನೆ. ಜೋರು ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೆಲಮಾಳಿಗೆಗಳಿಗೆ ನೀರು ನುಗ್ಗಿದರೆ ಕೈತುಂಬ ಕೆಲಸ. ಅಂಥ ಒಂದು ಪೆಟ್ರೋಲ್ ಕಾರಿನ ಟಿಪ್ಪಣಿ ಹೀಗಿದೆ ಎಂದುಕೊಳ್ಳಿ:

“ಸೀಟಿನ ಮೇಲಿನವರೆಗೆ ನೀರು ಬಂದಿದೆ, ಇಂಜಿನ್ ಸೀಜ್ ಆಗಿರಬೇಕು, ಓನರ್ ಎರಡು ಸಲ ಸ್ಟಾರ್ಟ್ ಮಾಡಿ ನೋಡಿದರಂತೆ, ಏರ್ ಫಿಲ್ಟರ್ ಒದ್ದೆ… ಅಲ್ಲ, ಸೀಟಿನ ಮೇಲಲ್ಲ, ಕುಶನ್ನಿನ ಕೆಳ ಅಂಚಿನವರೆಗೆ ಕೆಸರಿನ ಗೆರೆ.”

ಇದರ ಭಾಷೆಯನ್ನು ತಿದ್ದಲು ಹೋಗಬೇಡಿ. ಮೊದಲು ಬಿಡಿಸಿ: ನೀವು ಕಂಡದ್ದು, ಮಾಲೀಕರು ಹೇಳಿದ್ದು, ನೀವು ಊಹಿಸಿದ್ದು. ಕಂಡದ್ದು ಎರಡೇ, ಕೆಸರಿನ ಗೆರೆ ಮತ್ತು ಒದ್ದೆ ಫಿಲ್ಟರ್. ಗೆರೆಯ ವಿಷಯದಲ್ಲಿ ಕೊನೆಗೆ ಹೇಳಿದ್ದನ್ನೇ ಉಳಿಸಿ, ಅದನ್ನೂ ಫೋಟೊ ನೋಡಿ ಖಚಿತಪಡಿಸಿಕೊಳ್ಳಿ.

ಮಾಲೀಕರ ಮಾತಿನಲ್ಲಿ ತೂಕವಿದೆ. ಸಿಲಿಂಡರಿನೊಳಗೆ ಸೇರಿದ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಆ ಸ್ಥಿತಿಯಲ್ಲಿ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಇಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇಲ್ಲದಿದ್ದರೆ, ಆ ಹಾನಿ ನೀರಿನಿಂದಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಎಂದು ವಿಮಾ ಕಂಪನಿಗಳು ಸಾಮಾನ್ಯವಾಗಿ ಕೈಚೆಲ್ಲುತ್ತವೆ. ಆದ್ದರಿಂದ “ಎರಡು ಬಾರಿ ಸ್ಟಾರ್ಟ್ ಮಾಡಲು ಯತ್ನಿಸಿದ್ದಾಗಿ ಮಾಲೀಕರು ತಿಳಿಸಿದರು” ಎಂದಷ್ಟೇ ಬರೆಯಿರಿ. “ನೀರು ಇಳಿದ ಮೇಲೆ” ಎಂಬುದು ಬರೆಯುವಾಗ ತಾನಾಗಿ ಕೈಗೆ ಬಂದುಬಿಡುತ್ತದೆ. ಟಿಪ್ಪಣಿಯಲ್ಲಿ ಅದಿಲ್ಲ. ಬೇಕಿದ್ದರೆ ಫೋನ್ ಮಾಡಿ ಕೇಳಿ, ಕೇಳಿದ ದಿನಾಂಕವನ್ನೂ ಸೇರಿಸಿ.

“ಸೀಜ್ ಆಗಿರಬೇಕು” ಎಂಬುದು ಊಹೆ. ಅದಕ್ಕೆ ಅಭಿಪ್ರಾಯದ ಭಾಗದಲ್ಲಿ ಮಾತ್ರ ಜಾಗ: “ಇಂಜಿನ್ನಿಗೆ ನೀರು ಸೇರಿರುವ ಶಂಕೆಯಿದೆ. ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ತೆಗೆದು, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ಪರೀಕ್ಷಿಸಬೇಕು.” ಏಕೆ ಶಂಕೆ ಎಂದು ಕೇಳುವವರಿಗೆ ಒದ್ದೆ ಫಿಲ್ಟರ್ ಮೇಲಿನ ಭಾಗದಲ್ಲೇ ಸಿಗುತ್ತದೆ. ವರದಿಯ ಕ್ರಮವೂ ಇದೇ: ವಾಹನದ ವಿವರ, ಸ್ಥಳ ಮತ್ತು ಸಮಯ, ಕಂಡದ್ದು, ಹೇಳಿಕೆ, ಅಭಿಪ್ರಾಯ.

ಎಡ–ಬಲ ಯಾವಾಗಲೂ ಚಾಲಕನ ಸೀಟಿನಲ್ಲಿ ಮುಂದೆ ನೋಡುತ್ತ ಕೂತವನ ಲೆಕ್ಕದಲ್ಲಿರಲಿ. ಧ್ವನಿಯಲ್ಲಿ “ಈ ಕಡೆ ಬಾಗಿಲು” ಎಂದಿದ್ದರೆ ಫೋಟೊವೇ ಗತಿ.

ಚಾಸಿ ಸಂಖ್ಯೆಯನ್ನಂತೂ ಧ್ವನಿಯಿಂದ ಇಳಿಸಲೇಬೇಡಿ. ಬಿ, ಡಿ, ಪಿ ಮೂರೂ ಮೊಬೈಲಿನಲ್ಲಿ ಒಂದೇ ಥರ ಕೇಳುತ್ತವೆ. ಫೋಟೊ ನೋಡಿ ಬರೆದು ಎಣಿಸಿ, 17 ಇರಬೇಕು. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ, ಹಾಗಾಗಿ ಓ ಎಂದು ಓದಿಕೊಂಡದ್ದು ಸೊನ್ನೆಯೇ ಆಗಿರುತ್ತದೆ.