ಬಬಲ್ ಸಾರ್ಟ್‌ನಲ್ಲಿ ಒಂದನೇ ನಂಬರಿನ ಪಾಡು

ಪ್ರಶ್ನೆ: ಬಬಲ್ ಸಾರ್ಟ್ ಬರೆಯೋದು ಸುಲಭ, ಉತ್ತರವೂ ಸರಿಯಾಗೇ ಬರುತ್ತೆ. ಹಾಗಿದ್ರೆ ಮರ್ಜ್ ಸಾರ್ಟ್ ಯಾಕೆ ಕಲೀಬೇಕು?

ಹಾಸನದ ಒಂದು ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಹೇಳಿಕೊಡುತ್ತೇನೆ. ಈ ಪಾಠಕ್ಕೆ ಬೋರ್ಡ್ ಬೇಡ, ಟೆಸ್ಟ್ ಪೇಪರ್ ಸಾಕು. ಎಂಟು ಪೇಪರ್ ಮೇಜಿನ ಮೇಲೆ ಸಾಲಾಗಿ ಇಡಿ. ರೋಲ್ ನಂಬರ್ ಹೀಗಿರಲಿ: 5, 2, 8, 6, 3, 7, 4, 1.

ಬಬಲ್ ಸಾರ್ಟ್‌ನಲ್ಲಿ ಅಕ್ಕಪಕ್ಕದ ಎರಡನ್ನು ಮಾತ್ರ ನೋಡಬೇಕು. ಎಡಗಡೆಯದು ದೊಡ್ಡದಾದರೆ ಅದಲು ಬದಲು. ಒಂದು ಸುತ್ತು ಮುಗಿದಾಗ ಸಾಲು 2, 5, 6, 3, 7, 4, 1, 8 ಆಗುತ್ತದೆ. 8 ಒಂದೇ ಸುತ್ತಿಗೆ ತನ್ನ ಜಾಗ ಸೇರಿತು. 1 ಮಾತ್ರ ಒಂದೇ ಹೆಜ್ಜೆ ಮುಂದೆ ಬಂತು. ಪ್ರತಿ ಸುತ್ತಿಗೂ ಅದಕ್ಕೆ ಸಿಗೋದು ಅಷ್ಟೇ. ಹಾಗಾಗಿ ಏಳು ಸುತ್ತು ಬೇಕು. ಜಾಗ ಸೇರಿದ್ದನ್ನು ಮುಂದಿನ ಸುತ್ತಿನಲ್ಲಿ ಮತ್ತೆ ನೋಡಬೇಕಿಲ್ಲ, ಆದ್ದರಿಂದ 7+6+5+4+3+2+1, ಒಟ್ಟು 28 ಹೋಲಿಕೆ.

ಮರ್ಜ್ ಸಾರ್ಟ್‌ನಲ್ಲಿ ಮೊದಲು ಎರಡೆರಡರ ಜೋಡಿ: 2 5, 6 8, 3 7, 1 4. ಆಮೇಲೆ ನಾಲ್ಕರ ಎರಡು ಕಟ್ಟು: 2 5 6 8 ಮತ್ತು 1 3 4 7. ಕೊನೆಗೆ ಎರಡೂ ಕಟ್ಟಿನ ಮೇಲಿನ ಪೇಪರ್ ಮಾತ್ರ ನೋಡಿ, ಚಿಕ್ಕದನ್ನು ಎತ್ತಿ ಪಕ್ಕಕ್ಕೆ ಇಡುತ್ತಾ ಹೋಗಿ. 2 ಮತ್ತು 1 ನೋಡಿದ್ದೇ ತಡ, 1 ಹೊರಗೆ ಬಂತು. ಕೆಳಗಿರುವ 5, 6, 8ರ ಜೊತೆ ಅದನ್ನು ಹೋಲಿಸಲೇ ಇಲ್ಲ. ಕಟ್ಟು ಮೊದಲೇ ಜೋಡಿಸಿದ್ದು, ಅವು 2ಕ್ಕಿಂತ ದೊಡ್ಡವು ಅಂತ ಗೊತ್ತಲ್ವಾ? ಉಳಿತಾಯ ಆಗೋದು ಇಲ್ಲೇ. ಎಲ್ಲಾ ಸೇರಿ 16 ಹೋಲಿಕೆ.

28ಕ್ಕೂ 16ಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಇಡೀ ಕ್ಲಾಸಿನ 64 ಪೇಪರ್ ತಗೊಳ್ಳಿ. ಮರ್ಜ್‌ಗೆ ಹೆಚ್ಚೆಂದರೆ 321 ಹೋಲಿಕೆ. ಬಬಲ್‌ಗೆ 2016ರವರೆಗೂ ಹೋಗಬಹುದು. ಅದಕ್ಕೆ ಕಟ್ಟು ಪೂರ್ತಿ ಕಲಸಿಹೋಗಿರಬೇಕು ಅಂತೇನಿಲ್ಲ. 2ರಿಂದ 64ರವರೆಗೆ ನೀಟಾಗಿ ಜೋಡಿಸಿದ್ದು, ಒಂದನೇ ನಂಬರಿನ ಹುಡುಗ ತಡವಾಗಿ ಕೊಟ್ಟ ಪೇಪರ್ ಕೊನೆಯಲ್ಲಿ ಸೇರಿದ್ದರೂ ಸಾಕು, 63 ಸುತ್ತು, ಪೂರಾ 2016 ಹೋಲಿಕೆ! ಕೈಯಲ್ಲಿ ಜೋಡಿಸುವವರಾದರೆ ಆ ಪೇಪರ್ ಎತ್ತಿ ಮೇಲಿಟ್ಟು ಟೀ ಕುಡಿಯಲು ಹೋಗುತ್ತಾರೆ.

ಅದೇ 64ನೇ ಪೇಪರ್ ಮೊದಲಿಗೆ ಬಂದು, ಉಳಿದದ್ದೆಲ್ಲ ಸರಿಯಿದ್ದರೆ? ಬಬಲ್‌ಗೆ ಒಂದು ಸುತ್ತು ಸಾಕು. ಎರಡನೇ ಸುತ್ತಿನಲ್ಲಿ ಒಂದೂ ಅದಲು ಬದಲು ಆಗಲಿಲ್ಲ ಅಂತ ನೋಡಿ ನಿಲ್ಲಿಸಬಹುದು. ಆದರೆ ಹಾಗೆ ನೋಡುವ ಸಾಲನ್ನು ಕೋಡ್‌ನಲ್ಲಿ ನೀವೇ ಬರೆದಿರಬೇಕು. ಲ್ಯಾಬ್ ರೆಕಾರ್ಡ್‌ಗಳಲ್ಲಿ ಜಾಸ್ತಿ ಬಿಟ್ಟುಹೋಗೋದು ಅದೇ.

ಮರ್ಜ್‌ಗೂ ಖರ್ಚಿದೆ. ಎತ್ತಿದ ಪೇಪರ್ ಇಡಲು ಬೇರೆ ಜಾಗ ಬೇಕು. ಕೊನೆಯ ಸಲ ಕೂಡಿಸುವಾಗ 64 ಪೇಪರಿಗೆ ಇನ್ನೊಂದು 64ರಷ್ಟು ಜಾಗ, ಅಂದರೆ ಅಷ್ಟೇ ದೊಡ್ಡ ಇನ್ನೊಂದು ಅರೇ. ಬಬಲ್‌ಗೆ ಅದಲು ಬದಲು ಮಾಡುವಾಗ ಒಂದು ಪೇಪರ್ ಹಿಡಿದುಕೊಳ್ಳುವಷ್ಟು ಜಾಗ ಇದ್ದರೆ ಆಯಿತು.