ಭಾರದ ಚೆಂಡು ಮೊದಲು ಬಿದ್ದದ್ದೇಕೆ?

ಪ್ರಶ್ನೆ: ನಾನು, ಗೆಳೆಯ ಮೆಹಬೂಬ್ ಇಪ್ಪತ್ತು ಅಡಿ ಎತ್ತರದ ಮಾಳಿಗೆಯಿಂದ ಕ್ರಿಕೆಟ್ ಚೆಂಡನ್ನೂ ಟೇಬಲ್ ಟೆನಿಸ್ ಚೆಂಡನ್ನೂ ಒಟ್ಟಿಗೆ ಬಿಟ್ಟೆವು. ಕ್ರಿಕೆಟ್ ಚೆಂಡೇ ಮೊದಲು ಬಿತ್ತು. ಪುಸ್ತಕದಲ್ಲಿ ಎರಡೂ ಒಟ್ಟಿಗೆ ಬೀಳ್ತವೆ ಅಂತಿದೆ. ಯಾರು ಸರಿ?
– ಬಸವ, ಗಂಗಾವತಿ

ಉತ್ತರ: ನೀವು ನೋಡಿದ್ದು ಸರಿ. ಅದಕ್ಕೆ ಭಾರವೇ ಕಾರಣ ಅಂದುಕೊಂಡಿದ್ದರೆ ಅದು ಅರ್ಧ ಸರಿ. ನಿಮ್ಮಿಬ್ಬರ ವಾದವನ್ನು ಹೀಗೆ ಮುಂದುವರಿಸಿ ನೋಡೋಣ.

ಬಸವ: ಭಾರ ಜಾಸ್ತಿ ಇದ್ದದ್ದು ಬೇಗ ಬೀಳುತ್ತೆ. ಕಣ್ಣಾರೆ ಕಂಡಿದ್ದೀವಲ್ಲ!

ಮೆಹಬೂಬ್: ಹಂಗಾದ್ರೆ ಎರಡನ್ನೂ ದಾರದಿಂದ ಕಟ್ಟಿ ಬಿಡೋಣ. ಆಗ?

ಬಸವ: ಹಗುರದ್ದು ಹಿಂದೆ ಉಳಿದು ದೊಡ್ಡದನ್ನು ಎಳೆದು ಹಿಡಿಯುತ್ತೆ. ವೇಗ ಸ್ವಲ್ಪ ಕಡಿಮೆ ಆಗಬೇಕು.

ಮೆಹಬೂಬ್: ಆದ್ರೆ ಕಟ್ಟಿದ ಮೇಲೆ ಒಟ್ಟು ಭಾರ ಜಾಸ್ತಿ ಆಯ್ತು. ನಿನ್ನ ಲೆಕ್ಕದಲ್ಲಿ ಇನ್ನೂ ಬೇಗ ಬೀಳಬೇಕು ಅಲ್ವಾ? ಒಂದೇ ಗಂಟು ನಿಧಾನಾನೂ ಆಗಬೇಕು, ಜೋರೂ ಆಗಬೇಕು. ಅದು ಹೆಂಗೆ?

ಈ ಪೇಚನ್ನು ಗೆಲಿಲಿಯೋ 1638ರಲ್ಲೇ ಬರೆದಿಟ್ಟಿದ್ದಾನೆ. ಭಾರದಿಂದಲೇ ವೇಗ ಬರುತ್ತದೆ ಅನ್ನುವ ಮಾತು ಇಲ್ಲಿಗೆ ಮುರಿದು ಬೀಳುತ್ತದೆ.

ಬಸವ: ಸರಿ. ಆದ್ರೂ ಭೂಮಿ ದೊಡ್ಡ ಚೆಂಡನ್ನು ಜಾಸ್ತಿ ಎಳೆಯುತ್ತೆ, ಹೌದಿಲ್ಲೋ?

ಮೆಹಬೂಬ್: ಹೌದು, ಸುಮಾರು 60 ಪಟ್ಟು. ಆದ್ರೆ ಅದರ ವೇಗ ಏರಿಸೋಕೂ 60 ಪಟ್ಟು ಬಲ ಬೇಕು. ಅಲ್ಲಿಗೆ ಸರಿಹೋಯ್ತು. ಎರಡರ ವೇಗವೂ ಒಂದೊಂದು ಸೆಕೆಂಡ್ ಕಳೆದಾಗಲೂ ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತೆ.

ಬಸವ: ಮತ್ತೆ ಟೇಬಲ್ ಟೆನಿಸ್ ಚೆಂಡು ತಡ ಮಾಡಿದ್ದೇಕೆ?

ಇದಕ್ಕೆ ಉತ್ತರ ಗಾಳಿಯಲ್ಲಿದೆ. ಗಾಳಿಯ ತಡೆ ಚೆಂಡಿನ ಗಾತ್ರ, ವೇಗ ನೋಡುತ್ತದೆ, ತೂಕ ನೋಡುವುದಿಲ್ಲ. ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಟೇಬಲ್ ಟೆನಿಸ್ ಚೆಂಡಿನ ಮೇಲಿನ ತಡೆ ಅದರ ತೂಕದ ಅರ್ಧಕ್ಕಿಂತ ಜಾಸ್ತಿ. ಕ್ರಿಕೆಟ್ ಚೆಂಡು ದೊಡ್ಡದಾದ್ದರಿಂದ ಅದರ ಮೇಲಿನ ತಡೆ ಇನ್ನೂ ಜಾಸ್ತಿ, ಸುಮಾರು ಮೂರು ಪಟ್ಟು. ಆದರೆ 160 ಗ್ರಾಂ ತೂಕದ ಮುಂದೆ ಅದು ಮೂವತ್ತರಲ್ಲಿ ಒಂದು ಪಾಲು ಅಷ್ಟೇ. ನಿಮ್ಮ ಮಾಳಿಗೆಯ ಲೆಕ್ಕ ಹಾಕಿದರೆ, ಕ್ರಿಕೆಟ್ ಚೆಂಡು ನೆಲ ಮುಟ್ಟುವಾಗ ಇನ್ನೊಂದು ಸುಮಾರು ಒಂದು ಮೀಟರ್ ಮೇಲಿರುತ್ತದೆ. ಅದೇ ಐದು ಅಡಿಯಿಂದ ಬಿಡಿ, ವ್ಯತ್ಯಾಸ ಕಣ್ಣಿಗೇ ಕಾಣದು.

ಗಾಳಿಯೇ ಇಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೋಲೋ 15ರ ಡೇವಿಡ್ ಸ್ಕಾಟ್ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಬಿಟ್ಟರು. ಎರಡೂ ಒಟ್ಟಿಗೆ ಬಿದ್ದವು.

ಬಸವ: ಚಂದ್ರನ ಮಾತು ಬಿಡು, ಇಲ್ಲೇ ತೋರಿಸು.

ಮೆಹಬೂಬ್: ಅರ್ಧ ಲೀಟರಿನ ಎರಡು ಬಾಟಲಿ ತಗೊಳ್ಳೋಣ. ಒಂದಕ್ಕೆ ಪೂರ್ತಿ ನೀರು, ಇನ್ನೊಂದಕ್ಕೆ ಅರ್ಧ. ಗಾತ್ರ ಒಂದೇ, ತೂಕ ಹೆಚ್ಚುಕಡಿಮೆ ಇಮ್ಮಡಿ.

ಕೆಳಗೆ ಯಾರೂ ಇಲ್ಲ ಅಂತ ನೋಡಿಕೊಂಡು ಬಿಡಿ. ಬಿದ್ದ ಸದ್ದು ಒಂದೇ ಕೇಳಬೇಕು. ಎರಡು ಕೇಳಿದರೆ ಮೊದಲು ಕೈಯನ್ನೇ ಅನುಮಾನಿಸಿ: ಎರಡು ಕೈಯಿಂದ ಒಂದೇ ಕ್ಷಣಕ್ಕೆ ಬಿಡುವುದು ಕಷ್ಟ. ಬಾಟಲಿಗಳನ್ನು ಕೈ ಬದಲಿಸಿ ಮತ್ತೆ ಬಿಡಿ. ಮೊದಲು ಬೀಳುವುದು ಬಾಟಲಿಗೆ ತಕ್ಕಂತೆ ಅಲ್ಲ, ಕೈಗೆ ತಕ್ಕಂತೆ ಬದಲಾದರೆ ತಪ್ಪು ಕೈಯದ್ದೇ.